ಬಾತ ಕಿವಿಯ ಮೊದಲ ವಾರ



ಆಟ ಮತ್ತು ಆರೋಗ್ಯ ಎಂಬ ದೊಡ್ಡ ವಿಷಯದ ಮೇಲೆ ಮಾತಾಡಲು ನನಗೆ ಹೇಳಿದ್ದರು. ಅಷ್ಟು ದೊಡ್ಡದನ್ನು ಒಂದು ಸಂಜೆಯಲ್ಲಿ ಮುಟ್ಟಿದರೆ ಏನನ್ನೂ ಮುಟ್ಟಿದಂತಾಗುವುದಿಲ್ಲ. ಹಾಗಾಗಿ ಅಂಗೈಯಷ್ಟೂ ಅಗಲವಿಲ್ಲದ ಒಂದು ಜಾಗವನ್ನು ಆರಿಸಿಕೊಂಡು ಬಂದಿದ್ದೇನೆ. ಅದು ಹೊರಗಿವಿ. ಕುಸ್ತಿಯಲ್ಲಿ, ಬಾಕ್ಸಿಂಗಿನಲ್ಲಿ ಪೆಟ್ಟು ಬಿದ್ದು ಹೊರಗಿವಿಯೊಳಗೆ ನೆತ್ತರು ನಿಂತರೆ ಏನಾಗುತ್ತದೆ, ಅದನ್ನು ಬೇಗ ತೆಗೆಯದಿದ್ದರೆ ಕಿವಿ ಏಕೆ ಹೂಕೋಸಿನಂತೆ ಗಂಟುಗಂಟಾಗುತ್ತದೆ, ತೆಗೆದರೂ ಕೆಲವೊಮ್ಮೆ ಏಕೆ ಮತ್ತೆ ತುಂಬುತ್ತದೆ, ಇಷ್ಟನ್ನೇ ಇವತ್ತು ಹೇಳುತ್ತೇನೆ.

ಗರಡಿಯಲ್ಲಿ ಎರಡು ಮಾತುಗಳನ್ನು ನಾನು ಬಹಳ ಸಲ ಕೇಳಿದ್ದೇನೆ. ಒಂದು, ಕಿವಿ ಮುರಿಯದವನು ಪೈಲ್ವಾನನೇ ಅಲ್ಲ ಎನ್ನುವುದು. ಮುರುಟಿದ ಕಿವಿ ಮಣ್ಣಿನಲ್ಲಿ ವರ್ಷಗಟ್ಟಲೆ ಹೊರಳಾಡಿದ್ದಕ್ಕೆ ಸಿಕ್ಕ ಗುರುತು ಎಂಬ ಹೆಮ್ಮೆ ಅದರಲ್ಲಿದೆ. ಆ ಹೆಮ್ಮೆಯ ಜೊತೆ ನನ್ನ ಜಗಳವಿಲ್ಲ. ತಿಳಿದೂ ತಿಳಿದೂ ತನ್ನ ಕಿವಿ ಹಾಗೇ ಇರಲಿ ಎಂದು ಪ್ರಾಯದವನೊಬ್ಬ ನಿರ್ಧರಿಸಿದರೆ ಅದು ಅವನ ಇಷ್ಟ. ನನಗೆ ಕಾಡುವುದು ಎರಡನೆಯ ಮಾತು. "ತೆಗೆಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಮತ್ತೆ ತುಂಬಿಕೊಳ್ಳುತ್ತದೆ" ಎನ್ನುತ್ತಾರೆ. ಈ ಮಾತು ಕಣ್ಣಾರೆ ಕಂಡು ಹೇಳಿದ್ದು, ಸುಳ್ಳಲ್ಲ. ಆದರೆ ಮತ್ತೆ ತುಂಬುವುದಕ್ಕೆ ಕಾರಣ ತೆಗೆಸಿದ್ದಲ್ಲ, ತೆಗೆಸಿದ ಮೇಲೆ ಮಾಡಬೇಕಾದದ್ದನ್ನು ಬಿಟ್ಟಿದ್ದು. ನೆತ್ತರನ್ನು ಹೊರಗೆ ಬಿಡುವುದು ಅರ್ಧ ಕೆಲಸ. ಅದು ನಿಂತಿದ್ದ ಜಾಗವನ್ನು ಒತ್ತಿ ಮುಚ್ಚುವುದು ಉಳಿದರ್ಧ. ಎರಡನ್ನೂ ಮೊದಲ ಕೆಲವು ದಿನಗಳೊಳಗೆ ಮುಗಿಸಬೇಕು. ಏಕೆ ಎನ್ನುವುದು ತಿಳಿಯಲು ಕಿವಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ನೀವೆಲ್ಲರೂ ಈಗ ನಿಮ್ಮ ಕಿವಿಯನ್ನು ಒಮ್ಮೆ ಮುಟ್ಟಿಕೊಳ್ಳಿ. ಕೆಳಗೆ ಓಲೆ ಹಾಕುವ ಹಾಲೆ ಮೆತ್ತಗಿದೆ, ಅದರಲ್ಲಿ ಕೊಬ್ಬು ಮತ್ತು ಚರ್ಮ ಬಿಟ್ಟರೆ ಗಟ್ಟಿಯಾದದ್ದು ಏನೂ ಇಲ್ಲ. ಅಲ್ಲಿಂದ ಬೆರಳನ್ನು ಮೇಲಕ್ಕೆ ತನ್ನಿ. ಮಡಚಿದರೆ ಮಡಚಿಕೊಂಡು, ಬಿಟ್ಟರೆ ತಟ್ಟನೆ ಮೊದಲಿನ ಹಾಗೆ ನಿಲ್ಲುವ ಒಂದು ಹಾಳೆ ಸಿಗುತ್ತದೆ. ಅದು ಮೃದ್ವಸ್ಥಿ. ಕಿವಿಯ ಏರು, ತಗ್ಗು, ಅಂಚಿನ ಸುರುಳಿ ಎಲ್ಲವೂ ಈ ಒಂದು ಹಾಳೆಯ ಮಡಿಕೆಗಳು. ಈ ಹಾಳೆಯ ಎರಡೂ ಬದಿಗೆ ಒಂದು ತೆಳು ಪೊರೆ ಅಂಟಿಕೊಂಡಿದೆ, ಪೊರೆಯ ಮೇಲೆ ಚರ್ಮ. ಕಿವಿಯ ಹಿಂಬದಿಯಲ್ಲಿ ಚರ್ಮ ಸ್ವಲ್ಪ ಸಡಿಲ, ಬೆರಳಿಂದ ಜರುಗಿಸಬಹುದು. ಮುಂಬದಿಯಲ್ಲಿ ಹಾಗಿಲ್ಲ. ಅಲ್ಲಿ ಚರ್ಮದ ಕೆಳಗೆ ಕೊಬ್ಬು ಇಲ್ಲವೆಂದೇ ಹೇಳಬೇಕು, ಚರ್ಮ ಪೊರೆಗೆ ಬಿಗಿಯಾಗಿ ಅಂಟಿದೆ, ಪೊರೆ ಮೃದ್ವಸ್ಥಿಗೆ ಅಂಟಿದೆ.

ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ ಎನ್ನುವುದನ್ನು ಇಲ್ಲಿ ನೆನಪಿಡಬೇಕು. ಕೈ ಕಾಲಿನ ಮಾಂಸಖಂಡದೊಳಗೆ ನಾಳಗಳು ಹರಡಿರುವಂತೆ ಕಿವಿಯ ಹಾಳೆಯೊಳಗೆ ಒಂದು ನಾಳವೂ ಹೋಗುವುದಿಲ್ಲ. ನಾಳಗಳಿರುವುದು ಪೊರೆಯಲ್ಲಿ. ಅಲ್ಲಿಂದ ಆಹಾರ, ಆಮ್ಲಜನಕ ಜಿನುಗಿ ಹಾಳೆಯೊಳಗೆ ಸೇರಬೇಕು. ಮರಕ್ಕೂ ಅದರ ತೊಗಟೆಗೂ ಇರುವ ಸಂಬಂಧ ನೆನೆಸಿಕೊಂಡರೆ ಇದು ಸುಲಭವಾಗಿ ಮನಸ್ಸಿಗೆ ಇಳಿಯುತ್ತದೆ. ತೊಗಟೆಯೊಳಗಿನ ಹಸಿ ಪದರ ಮರವನ್ನು ಪೋಷಿಸುವುದೂ ಹೌದು, ಹೊಸ ಕಟ್ಟಿಗೆಯನ್ನು ಬೆಳೆಸುವುದೂ ಹೌದು. ಕಿವಿಯ ಪೊರೆಗೂ ಆ ಎರಡು ಗುಣಗಳಿವೆ: ಹಾಳೆಗೆ ಉಣಿಸುತ್ತದೆ, ಕೆಣಕಿದರೆ ಹೊಸ ಮೃದ್ವಸ್ಥಿಯನ್ನೂ ಕಟ್ಟುತ್ತದೆ. ಕಿವಿ ಕೆಡುವ ಕಥೆಯೆಲ್ಲ ಈ ಎರಡು ಗುಣಗಳಲ್ಲೇ ಇದೆ.

ಈಗ ಅಖಾಡಕ್ಕೆ ಬನ್ನಿ. ಇಬ್ಬರು ತಲೆಗೆ ತಲೆ ಕೊಟ್ಟು ನಿಂತಿದ್ದಾರೆ. ಒಬ್ಬನ ಕೈ ಇನ್ನೊಬ್ಬನ ಕತ್ತಿನ ಹಿಂದೆ. ಎದುರಾಳಿಯ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿ ಎಳೆಯುತ್ತಾನೆ, ಸಿಕ್ಕವನು ತಲೆ ಬಿಡಿಸಿಕೊಳ್ಳಲು ಜಗ್ಗುತ್ತಾನೆ. ಆ ಜಗ್ಗಾಟದಲ್ಲಿ ಕಿವಿ ಎದೆಗೂ ಪಕ್ಕೆಲುಬಿಗೂ ಉಜ್ಜುತ್ತದೆ. ಕಾಲಿಗೆ ಬಿದ್ದು ಪಟ್ಟು ಹಾಕುವಾಗ ಕಿವಿ ಎದುರಾಳಿಯ ತೊಡೆಗೆ, ಸೊಂಟಕ್ಕೆ ಬಡಿಯುತ್ತದೆ. ಬಾಕ್ಸಿಂಗಿನಲ್ಲಿ ಪಕ್ಕದಿಂದ ಬೀಸಿದ ಹೊಡೆತ ಕಿವಿಯನ್ನು ಸವರಿಕೊಂಡು ಹೋಗುತ್ತದೆ. ಎರಡರಲ್ಲೂ ಕೆಲಸ ಕೆಡಿಸುವುದು ಅಡ್ಡಕ್ಕೆ ಎಳೆಯುವ ಬಲ. ಮುಂಬದಿಯ ಚರ್ಮ ಪೊರೆಗೆ ಅಂಟಿರುವುದರಿಂದ ಚರ್ಮ ಜರುಗಿದರೆ ಪೊರೆಯೂ ಜರುಗುತ್ತದೆ, ಕೆಳಗಿನ ಹಾಳೆ ಜರುಗುವುದಿಲ್ಲ. ಇವೆರಡರ ನಡುವೆ ಬಿರುಕು ಬಿಡುತ್ತದೆ, ಪೊರೆಯ ಸಣ್ಣ ನಾಳಗಳು ಹರಿಯುತ್ತವೆ, ನೆತ್ತರು ಆ ಬಿರುಕಿಗೆ ಇಳಿದು ಪೊರೆಯನ್ನು ಇನ್ನಷ್ಟು ಎತ್ತುತ್ತದೆ. ಒಂದೇ ಜೋರು ಪೆಟ್ಟು ಬೇಕೆಂದಿಲ್ಲ. ಒಂದು ಸಂಜೆಯ ಉಜ್ಜಾಟದ ಕೊನೆಗೂ ಇದು ಆಗುತ್ತದೆ. ಯಾವ ಪಟ್ಟಿನಲ್ಲಿ ಆಯಿತು ಎಂದು ಕೇಳಿದರೆ ಬಹಳ ಹುಡುಗರಿಗೆ ಹೇಳಲು ಬರದಿರುವುದು ಅದಕ್ಕೇ.

ಹೀಗೆ ನಿಂತ ನೆತ್ತರಿನಿಂದ ಮೊದಲು ಆಗುವ ಕೆಡುಕು ಉಪವಾಸ. ಪೊರೆಗೂ ಹಾಳೆಗೂ ನಡುವೆ ನೆತ್ತರಿನ ಕೆರೆ ನಿಂತಿದ್ದರಿಂದ ಆ ಬದಿಯಿಂದ ಹಾಳೆಗೆ ಪೋಷಣೆ ನಿಲ್ಲುತ್ತದೆ, ಅದು ಸೊರಗುತ್ತದೆ, ಕೆಲವು ಕಡೆ ಸತ್ತೂ ಹೋಗಬಹುದು. ಆಮೇಲೆ ಆಗುವುದು ಇದಕ್ಕೆ ತದ್ವಿರುದ್ಧ. ಎತ್ತಿಕೊಂಡ ಪೊರೆ ಸುಮ್ಮನಿರುವುದಿಲ್ಲ, ತನ್ನ ಸ್ವಭಾವದಂತೆ ಹೊಸ ಮೃದ್ವಸ್ಥಿಯನ್ನು ಕಟ್ಟತೊಡಗುತ್ತದೆ. ಆದರೆ ಹಳೆಯ ಮಡಿಕೆಯ ಮೇಲಲ್ಲ, ನೆತ್ತರಿನ ಗಂಟು ಇದ್ದ ಆಕಾರದ ಮೇಲೆ. 1970ರ ದಶಕದಲ್ಲಿ ಸ್ವೀಡನ್ನಿನ ಪ್ಲಾಸ್ಟಿಕ್ ಶಸ್ತ್ರವೈದ್ಯರು ಮೊಲದ ಕಿವಿಯಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಪೊರೆಯ ಅಡಿಯಲ್ಲಿ ನೆತ್ತರು ನಿಂತಾಗ ಅಲ್ಲಿ ಹೊಸ ಮೃದ್ವಸ್ಥಿ ಬೆಳೆಯಿತು. ಕಿವಿಯನ್ನು ಕೆಡಿಸುವುದು ಬರೀ ಗಾಯದ ಕಲೆಯಲ್ಲ, ಪೊರೆಯೇ ಕಟ್ಟುವ ಹೊಸ ಗಟ್ಟಿ ಪದಾರ್ಥ ಎಂಬುದು ಇದರಿಂದ ಗಟ್ಟಿಯಾಯಿತು.

ಇನ್ನು ಕಾಲದ ಲೆಕ್ಕ. ಮೊದಲ ಒಂದೆರಡು ದಿನ ಒಳಗಿರುವುದು ಬಹುಪಾಲು ನೀರಾದ ನೆತ್ತರು, ಜೊತೆಗೆ ಮೆತ್ತಗಿನ ಹೆಪ್ಪು. ಸೀಳಿದರೆ ಬರುತ್ತದೆ, ತೊಳೆದರೆ ಹೋಗುತ್ತದೆ. ಮೂರು ನಾಲ್ಕು ದಿನ ಕಳೆದರೆ ಹೆಪ್ಪು ಗಟ್ಟಿಯಾಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ವಾರ ದಾಟಿ ಹತ್ತು ದಿನದ ಹತ್ತಿರ ಬರುವಷ್ಟರಲ್ಲಿ ಒಳಗೆ ಗಾಯ ಮಾಯುವ ಹಸಿ ಅಂಗಾಂಶ ಬೆಳೆದು, ಹೊಸ ಮೃದ್ವಸ್ಥಿಯ ಕೆಲಸ ಶುರುವಾಗಿರುತ್ತದೆ. ಆಗ ಸೂಜಿ ಹಾಕಿದರೆ ಏನೂ ಬರುವುದಿಲ್ಲ, ಸೀಳಿದರೂ ತೊಳೆದು ತೆಗೆಯುವಂಥದ್ದು ಇರುವುದಿಲ್ಲ, ಕೆರೆದು ಕತ್ತರಿಸಿ ತೆಗೆಯಬೇಕಾಗುತ್ತದೆ. ಅದಕ್ಕೇ ನಾವು ವೈದ್ಯರು ಆದಷ್ಟೂ ಎರಡು ಮೂರು ದಿನಗಳೊಳಗೆ ಬನ್ನಿ, ತಡವಾಯಿತೆಂದರೂ ವಾರದೊಳಗೆ ಬನ್ನಿ ಎನ್ನುವುದು. ಈ ಗಡುವು ಆಸ್ಪತ್ರೆಯ ಅನುಕೂಲಕ್ಕೆ ಇಟ್ಟದ್ದಲ್ಲ, ಪೊರೆ ತನ್ನ ಕೆಲಸ ಶುರುಮಾಡಲು ತೆಗೆದುಕೊಳ್ಳುವ ಸಮಯ ಅದು.

ಒಬ್ಬ ಹುಡುಗನ ಕಿವಿಯನ್ನು ಇಟ್ಟುಕೊಂಡು ಇದನ್ನು ಬಿಡಿಸಿ ಹೇಳುತ್ತೇನೆ. ಹದಿನೇಳು ವರ್ಷದವನು, ಧಾರವಾಡದ ಕಡೆಯ ಹಳ್ಳಿಯ ಗರಡಿಯವನು. ಊರ ಜಾತ್ರೆಯ ಕುಸ್ತಿಗೆ ತಯಾರಿ ನಡೆದಿತ್ತು. ಸೋಮವಾರ ಸಂಜೆಯ ತಾಲೀಮಿನಲ್ಲಿ ಬಲಗಿವಿ ಬಿಸಿಯಾದಂತೆ ಅನ್ನಿಸಿತಂತೆ, ರಾತ್ರಿ ಮಲಗುವ ಹೊತ್ತಿಗೆ ಬಾತಿತ್ತು. ಮಂಗಳವಾರ ಬೆಳಿಗ್ಗೆ ಪರಿಚಯದ ಒಬ್ಬ ಕಂಪೌಂಡರ್ ಸಿರಿಂಜಿನಿಂದ ನೆತ್ತರು ಎಳೆದು, ಒಂದು ಚೂರು ಹತ್ತಿ ಅಂಟಿಸಿ ಕಳಿಸಿದ. ಕಿವಿ ಇಳಿಯಿತು. ಅದೇ ಸಂಜೆ ಹುಡುಗ ಮತ್ತೆ ಮಣ್ಣಿಗೆ ಇಳಿದ. ಬುಧವಾರ ಬೆಳಗಾಗುವುದರೊಳಗೆ ಕಿವಿ ಮೊದಲಿಗಿಂತ ದಪ್ಪವಾಗಿತ್ತು. ಗುರುವಾರ ಅವನ ಅವ್ವ ಹಟ ಮಾಡಿ ನನ್ನ ಹತ್ತಿರ ಕರೆತಂದರು.

"ನೋವೇನ್ ಬಾಳ ಇಲ್ರಿ ಸಾಹೇಬ್ರ, ಬಿಗದಂಗ ಆಗೈತಿ ಅಷ್ಟ" ಎಂದ. ನೋವು ಕಡಿಮೆ ಎನ್ನುವುದರಿಂದಲೇ ಇಂಥ ಹುಡುಗರು ತಡಮಾಡುತ್ತಾರೆ. ಬಲಗಿವಿಯ ಮೇಲರ್ಧದಲ್ಲಿ, ಹೊರ ಅಂಚಿನ ಸುರುಳಿಗೂ ಒಳಗಿನ ಏರಿಗೂ ನಡುವೆ ಇರಬೇಕಾದ ತಗ್ಗು ಮಾಯವಾಗಿತ್ತು. ಅಲ್ಲಿ ನುಣುಪಾದ, ನೇರಳೆ ಬಣ್ಣದ ಉಬ್ಬು. ಒಂದು ಕಡೆ ಮೆಲ್ಲಗೆ ಒತ್ತಿದರೆ ಇನ್ನೊಂದು ಕಡೆ ಬೆರಳಿಗೆ ಅದು ತಿಳಿಯುತ್ತಿತ್ತು, ಅಂದರೆ ಒಳಗೆ ಇನ್ನೂ ದ್ರವವಿತ್ತು. ಹಾಲೆ ಮಾತ್ರ ಮಾಮೂಲಿನಂತೆ ಮೆತ್ತಗಿತ್ತು, ಅಲ್ಲಿ ಮೃದ್ವಸ್ಥಿಯೇ ಇಲ್ಲವಲ್ಲ. ಅವನ ಎಡಗಿವಿ ಹಿಂದಿನ ವರ್ಷ ಹೀಗೇ ಬಾತು, ಯಾರಿಗೂ ತೋರಿಸದೆ ಬಿಟ್ಟದ್ದು. ಅದರಲ್ಲಿ ತಗ್ಗುಗಳೆಲ್ಲ ತುಂಬಿ, ಮೂರು ಗಟ್ಟಿ ಗಂಟುಗಳು ಎದ್ದು, ಕಿವಿ ಒಟ್ಟಾರೆ ಸಣ್ಣದಾಗಿ ಮುರುಟಿತ್ತು. ಬೆರಳಿಂದ ಮಡಚಲು ನೋಡಿದರೆ ಮಡಚಲಿಲ್ಲ. ಒಂದೇ ತಲೆಯ ಎರಡು ಬದಿಯಲ್ಲಿ ಮೂರನೆಯ ದಿನವೂ ಒಂದು ವರ್ಷದ ನಂತರದ ದಿನವೂ ಎದುರುಬದುರಾಗಿ ಕಂಡವು.

ಕಿವಿಗೆ ಕೈ ಹಾಕುವ ಮೊದಲು ತಲೆಯ ವಿಚಾರ ಕೇಳಬೇಕು. ಪೆಟ್ಟು ಬಿದ್ದಾಗ ಪ್ರಜ್ಞೆ ತಪ್ಪಿತ್ತೇ, ವಾಂತಿಯಾಯಿತೇ, ತಲೆನೋವು ಏರುತ್ತಿದೆಯೇ, ಕಿವಿಯೊಳಗಿಂದ ನೆತ್ತರೋ ನೀರೋ ಬಂತೇ, ಕೇಳಿಸುವುದು ಕಡಿಮೆಯಾಯಿತೇ, ಕಿವಿಯ ಹಿಂದಿನ ಮೂಳೆಯ ಮೇಲೆ ಕಪ್ಪು ಕಂದಿದೆಯೇ. ಇವುಗಳಲ್ಲಿ ಒಂದಿದ್ದರೂ ಮೊದಲು ನೋಡಬೇಕಾದದ್ದು ತಲೆಬುರುಡೆ ಮತ್ತು ಕಿವಿತಮಟೆ. ಬಾಕ್ಸಿಂಗಿನಲ್ಲಿ ಇದನ್ನು ಎಂದೂ ಮರೆಯಬಾರದು. ಈ ಹುಡುಗನಿಗೆ ಅಂಥದ್ದೇನೂ ಇರಲಿಲ್ಲ, ತಮಟೆ ಚೆನ್ನಾಗಿತ್ತು.

ಚಿಕ್ಕದಾಗಿ, ಆಗಷ್ಟೇ ಆದ ಬಾವಿದ್ದರೆ ದಪ್ಪ ಸೂಜಿಯಿಂದ ಎಳೆದು ನೋಡುವುದುಂಟು. ಎರಡು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಎರಡು ದಿನ ಕಳೆದಿದ್ದರೆ, ಒಮ್ಮೆ ಎಳೆದ ಮೇಲೂ ತುಂಬಿದ್ದರೆ ಸೀಳುವುದೇ ಸರಿ. ಹೆಪ್ಪುಗಟ್ಟಿದ್ದು ಸೂಜಿಯ ತೂತಿನಲ್ಲಿ ಬರುವುದಿಲ್ಲ. ಕಂಪೌಂಡರ್ ಎಳೆದದ್ದು ನೀರಾದ ಭಾಗವನ್ನು ಮಾತ್ರ. ಒಳಗಿನ ಗಂಟು ಅಲ್ಲೇ ಇತ್ತು, ಪೊರೆಯನ್ನು ಹಾಳೆಗೆ ತಾಗಲು ಬಿಟ್ಟಿರಲಿಲ್ಲ.

ಕಿವಿಯ ಬುಡದ ಸುತ್ತ ಲಿಗ್ನೋಕೇನ್ ಚುಚ್ಚಿ ಮರಗಟ್ಟಿಸಿದೆವು. ಈ ಇಂಜೆಕ್ಷನ್ ಮಾತ್ರ ಚುರುಗುಡುತ್ತದೆ, ಆಮೇಲೆ ಎಳೆದಂತೆ ಅನ್ನಿಸುವುದು ಬಿಟ್ಟರೆ ನೋವಿರುವುದಿಲ್ಲ. ಹೊರ ಅಂಚಿನ ಸುರುಳಿಯ ಒಳಮಗ್ಗುಲಿಗೆ, ಮಡಿಕೆಯ ನೆರಳಲ್ಲಿ ಕಲೆ ಕಾಣದ ಹಾಗೆ, ಸುಮಾರು ಒಂದು ಸೆಂಟಿಮೀಟರ್ ಉದ್ದ ಸೀಳಿದೆ. ಚರ್ಮ ಮತ್ತು ಪೊರೆಯ ಆಳಕ್ಕೆ ಮಾತ್ರ, ಮೃದ್ವಸ್ಥಿಗೆ ಚಾಕು ತಾಗಬಾರದು. ಮೊದಲು ಕಪ್ಪುಗೆಂಪು ನೀರು ಹರಿಯಿತು. ಮೆಲ್ಲಗೆ ಒತ್ತಿದಾಗ ಹೆಪ್ಪು ತುಂಡುತುಂಡಾಗಿ ಬಂತು, ಗೋಡೆಗೆ ಕಚ್ಚಿದ್ದನ್ನು ಸಣ್ಣ ಚಮಚದಂಥ ಉಪಕರಣದಿಂದ ಬಿಡಿಸಿದೆ. ಎಲ್ಲ ಸೇರಿ ಸುಮಾರು 3 ಮಿಲಿಲೀಟರ್ ಇದ್ದೀತು. ಸಲೈನಿನಿಂದ ತಿಳಿಯಾಗುವವರೆಗೆ ತೊಳೆದ ಮೇಲೆ ಆ ಸೀಳಿನಲ್ಲಿ ಇಣುಕಿದರೆ ಬಿಳಿ ಮುತ್ತಿನ ಬಣ್ಣದ ಮೃದ್ವಸ್ಥಿ ಬರಿದಾಗಿ ಕಾಣುತ್ತಿತ್ತು. ಅದರ ಮೇಲಿರಬೇಕಾದ ಪೊರೆ ಚರ್ಮದ ಒಳಮೈಗೆ ಅಂಟಿಕೊಂಡು ಮೇಲೆದ್ದಿತ್ತು. ಅವೆರಡನ್ನು ಮತ್ತೆ ಒಂದಕ್ಕೊಂದು ತಾಗಿಸಿ, ತಾಗಿಸಿಯೇ ಇಡುವುದು ಇನ್ನುಳಿದ ಕೆಲಸ.

ಕಿವಿಯ ಮೇಲ್ಮೈ ಸಮತಟ್ಟಲ್ಲ. ತಲೆಯ ಸುತ್ತ ಬ್ಯಾಂಡೇಜು ಎಷ್ಟೇ ಬಿಗಿದರೂ ಅದು ಏರುಗಳನ್ನು ಒತ್ತುತ್ತದೆ, ತಗ್ಗುಗಳನ್ನು ಮುಟ್ಟುವುದಿಲ್ಲ. ನೆತ್ತರು ನಿಲ್ಲುವುದು ತಗ್ಗಿನಲ್ಲೇ. ಹಾಗಾಗಿ ಹಲ್ಲಿನ ವೈದ್ಯರು ದವಡೆಯಲ್ಲಿ ಇಡುವ ಹತ್ತಿಯ ಸುರುಳಿಯನ್ನು ಮುಲಾಮಿನಲ್ಲಿ ನೆನೆಸಿ ಕಿವಿಯ ಮುಂಬದಿಯ ತಗ್ಗಿಗೆ ಸರಿಯಾಗಿ ಕೂರಿಸಿದೆ. ಹಿಂಬದಿಗೂ ಅಂಥದೇ ಒಂದು. ನೈಲಾನ್ ದಾರವನ್ನು ಮುಂದಿನಿಂದ ಕಿವಿಯ ಮೂಲಕವೇ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಂದು ಎರಡು ಸುರುಳಿಗಳನ್ನೂ ಸೇರಿಸಿ ಗಂಟು ಹಾಕಿದೆ. ಇಲ್ಲಿ ಕೈಯ ಅಂದಾಜು ಮುಖ್ಯ. ಸಡಿಲವಾದರೆ ನೆತ್ತರು ಮತ್ತೆ ಜಾಗ ಹುಡುಕುತ್ತದೆ, ಅತಿ ಬಿಗಿಯಾದರೆ ಕೆಳಗಿನ ಚರ್ಮ ಬಿಳಿಚಿ ಸಾಯುತ್ತದೆ. ಹತ್ತಿಯ ಅಂಚಿನಲ್ಲಿ ಚರ್ಮದ ಬಣ್ಣ ನಸುಗೆಂಪಾಗಿಯೇ ಉಳಿದಿದೆಯೇ ಎಂದು ನೋಡಿ ಗಂಟು ಬಿಗಿಯಬೇಕು. ಕೆಲವು ವೈದ್ಯರು ಹತ್ತಿಯ ಸುರುಳಿ ಇಡದೆ, ತಾನೇ ಕರಗುವ ದಾರದಿಂದ ಕಿವಿಯ ಮುಂದಿನಿಂದ ಹಿಂದಕ್ಕೆ ಅಲ್ಲಲ್ಲಿ ಹೊಲಿಗೆ ಹಾಕಿ ಪದರಗಳನ್ನು ಸೇರಿಸುತ್ತಾರೆ. ಅದೂ ಒಳ್ಳೆಯ ವಿಧಾನವೇ. ಯಾವುದು ಮೇಲು ಎಂದು ಖಚಿತವಾಗಿ ಹೇಳುವಷ್ಟು ಗಟ್ಟಿಯಾದ ತುಲನಾತ್ಮಕ ಅಧ್ಯಯನಗಳು ಸಿಗಲಿಲ್ಲ ಎಂದು 2004ರಲ್ಲಿ ಬಂದ ಕಾಕ್ರೇನ್ ವಿಮರ್ಶೆ ಹೇಳಿತು. ಹಾಗಾಗಿ ನಿಮ್ಮ ವೈದ್ಯರು ಎರಡರಲ್ಲಿ ಯಾವುದನ್ನು ಮಾಡಿದರೂ ಚಿಂತೆ ಬೇಡ. ಬರೀ ಎಳೆದು, ಒತ್ತಡವಿಲ್ಲದೆ ಮನೆಗೆ ಕಳಿಸಿದರೆ ಮಾತ್ರ ಕೇಳಿ: ಸಾಹೇಬ್ರ, ಇದನ್ನು ಒತ್ತಿ ಹಿಡಿಯುವುದಕ್ಕೆ ಏನು ಮಾಡುತ್ತೀರಿ?

ಮರುದಿನ ಹುಡುಗ ಬಂದ. ಇದು ಬಿಡಬಾರದ ಭೇಟಿ, ಏಕೆಂದರೆ ಮತ್ತೆ ತುಂಬುವುದಿದ್ದರೆ ಅದು ಬಹಳ ಸಲ ಮೊದಲ ಒಂದೆರಡು ದಿನದಲ್ಲೇ ತಿಳಿಯುತ್ತದೆ. ಹತ್ತಿಯ ಪಕ್ಕದಲ್ಲಿ ಹೊಸ ಉಬ್ಬು ಇರಲಿಲ್ಲ. ಇದ್ದಿದ್ದರೆ ಅದೇ ಸೀಳನ್ನು ತೆರೆದು ಮತ್ತೆ ತೊಳೆದು ಮತ್ತೆ ಕಟ್ಟಬೇಕಾಗುತ್ತಿತ್ತು. ಏಳನೆಯ ದಿನ ದಾರ ಕತ್ತರಿಸಿ ಸುರುಳಿಗಳನ್ನು ತೆಗೆದೆವು. ಕಿವಿ ಇನ್ನೂ ಸ್ವಲ್ಪ ದಪ್ಪಗಿತ್ತು, ತಗ್ಗು ಮಾತ್ರ ತನ್ನ ಜಾಗಕ್ಕೆ ಬಂದಿತ್ತು. ಅಲ್ಲಿಂದ ಇನ್ನೊಂದು ವಾರ ತಲೆ ತಾಗುವ ಯಾವ ತಾಲೀಮೂ ಬೇಡ ಎಂದೆ. ದಂಡ, ಬೈಠಕ್, ಓಟ, ಹಗ್ಗ ಹತ್ತುವುದು, ಗದೆ ತಿರುಗಿಸುವುದು, ಇವಕ್ಕೆಲ್ಲ ಅಡ್ಡಿಯಿಲ್ಲ. ಜೊತೆಗಾರನ ಜೊತೆ ಹಿಡಿತಕ್ಕೆ ನಿಲ್ಲುವುದು ಮಾತ್ರ ಬೇಡ.

ಅವನ ಉಸ್ತಾದರು ಫೋನಿನಲ್ಲಿ ನನ್ನ ಜೊತೆ ಮಾತಾಡಿದರು. "ಜಾತ್ರಿ ಹತ್ರ ಬಂತ್ರಿ ಡಾಕ್ಟ್ರ, ಎರಡು ವಾರ ಹುಡುಗ ಕೂತ್ರ ಹೆಂಗ?" ಎಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಹಳ್ಳಿಯ ಗರಡಿಯಲ್ಲಿ ಒಂದು ಜಾತ್ರೆಯ ಕುಸ್ತಿ ಎಂದರೆ ವರ್ಷದ ಹಾಲು, ಬಾದಾಮಿಯ ಖರ್ಚಿಗೆ ದಾರಿ. ಆದರೂ ಹೇಳಿದೆ: ಈ ಹದಿನೈದು ದಿನದಲ್ಲಿ ಪೊರೆ ಹಾಳೆಗೆ ಮತ್ತೆ ಅಂಟಿಕೊಳ್ಳುತ್ತಿರುತ್ತದೆ, ಅಂಟು ಇನ್ನೂ ಹಸಿ. ಈಗ ಒಮ್ಮೆ ಉಜ್ಜಿದರೆ ಮಂಗಳವಾರ ಸಂಜೆ ಆದದ್ದೇ ಮತ್ತೆ ಆಗುತ್ತದೆ. ಎರಡನೆಯ ಸಲ ಬಿರುಕುಬಿಟ್ಟ ಜಾಗ ಮೊದಲನೆಯದರಷ್ಟು ಚೆನ್ನಾಗಿ ಕೂಡುವುದಿಲ್ಲ. ಉಸ್ತಾದರು ಒಪ್ಪಿದರು. ಹುಡುಗನನ್ನು ಆ ಜಾತ್ರೆಯಲ್ಲಿ ಕಣಕ್ಕಿಳಿಸಲಿಲ್ಲ.

ಸಿರಿಂಜಿನ ವಿಷಯಕ್ಕೆ ಬರುತ್ತೇನೆ, ಇದನ್ನು ಒತ್ತಿ ಹೇಳಬೇಕು. ಗರಡಿಗಳಲ್ಲಿ ತಾವೇ ಎಳೆದುಕೊಳ್ಳುವ ರೂಢಿ ಇದೆ, ದೊಡ್ಡ ಊರುಗಳ ಕುಸ್ತಿ ಕೇಂದ್ರಗಳಲ್ಲೂ ಇದೆ. ಒಬ್ಬನಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬನಿಗೆ ಹಾಕಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ದಾಟಬಹುದು. ಹೊಸ ಸೂಜಿಯೇ ಆದರೂ ಮಣ್ಣು, ಬೆವರು ಮೆತ್ತಿದ ಚರ್ಮದ ಮೂಲಕ ಚುಚ್ಚಿದಾಗ ರೋಗಾಣು ನೇರವಾಗಿ ಮೃದ್ವಸ್ಥಿಯ ಮೇಲೆ ಇಳಿಯುತ್ತದೆ. ರಕ್ತನಾಳವೇ ಇಲ್ಲದ ಜಾಗದಲ್ಲಿ ದೇಹದ ಕಾವಲೂ ಕಡಿಮೆ, ನಾವು ಕೊಡುವ ಔಷಧಿಯೂ ಸುಲಭವಾಗಿ ತಲುಪುವುದಿಲ್ಲ. ಅಲ್ಲಿ ಕೀವಾದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಕರಗಿ ಕಿವಿಯ ಕಟ್ಟೇ ಕುಸಿಯುತ್ತದೆ. ಹಾಗೆ ಕುಸಿದ ಕಿವಿಯ ಮುಂದೆ ಕುಸ್ತಿಯವನ ಗಂಟುಗಿವಿ ಎಷ್ಟೋ ಮೇಲು. ಕೀವಾದದ್ದರ ಲಕ್ಷಣಗಳನ್ನು ನೀವು ತಿಳಿದಿರಬೇಕು. ಬರೀ ನೆತ್ತರು ನಿಂತ ಕಿವಿಯಲ್ಲಿ ಬಿಗಿತ ಹೆಚ್ಚು, ನೋವು ಕಡಿಮೆ. ಕೀವಿನ ಕಿವಿಯಲ್ಲಿ ನೋವು ಗಂಟೆಗಂಟೆಗೂ ಏರುತ್ತದೆ, ಕಿವಿ ಕೆಂಪಾಗಿ ಸುಡುತ್ತದೆ, ಮುಟ್ಟಗೊಡುವುದಿಲ್ಲ, ಜ್ವರ ಬರಬಹುದು. ಕಟ್ಟು ಹಾಕಿಸಿಕೊಂಡ ಮೇಲೂ ಹೀಗಾದರೆ ಏಳನೆಯ ದಿನದವರೆಗೆ ಕಾಯಬೇಡಿ, ಅದೇ ದಿನ ಬನ್ನಿ. ನಾವು ಶಸ್ತ್ರಚಿಕಿತ್ಸೆಯ ಸಮಯದಲ್ಲೇ ಸಾಮಾನ್ಯವಾಗಿ ಆಂಟಿಬಯೋಟಿಕ್ ಕೊಡುತ್ತೇವೆ, ಕಿವಿಯ ಮೃದ್ವಸ್ಥಿಯನ್ನು ಹೆಚ್ಚಾಗಿ ಕಾಡುವ ಸೂಡೋಮೋನಾಸ್ ಮತ್ತು ಸ್ಟೆಫೈಲೋಕಾಕಸ್ ಎಂಬ ರೋಗಾಣುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ನೀವೇ ಆರಿಸಿ ತರುವುದು ಬೇಡ.

ಈಗೀಗ ಕಿವಿಯ ಎರಡೂ ಬದಿಗೆ ಎರಡು ಅಯಸ್ಕಾಂತದ ಬಿಲ್ಲೆ ಇಟ್ಟು ಒತ್ತಿ ಹಿಡಿಯುವುದನ್ನು ಹುಡುಗರು ವಿಡಿಯೋಗಳಲ್ಲಿ ನೋಡಿ ಮಾಡುತ್ತಿದ್ದಾರೆ. ಒತ್ತಡ ಬೇಕು ಎಂಬ ತಿಳಿವಳಿಕೆ ಸರಿಯಾದದ್ದೇ. ಆದರೆ ಒಳಗಿನ ಹೆಪ್ಪು ಹೊರಗೆ ಬಾರದೆ ಮೇಲಿಂದ ಒತ್ತಿದರೆ ಪೊರೆ ಹಾಳೆಗೆ ತಾಗುವುದಿಲ್ಲ. ಅಯಸ್ಕಾಂತದ ಅಡಿಯಲ್ಲಿ ಚರ್ಮ ಬಿಳಿಚಿದ್ದು ಕಾಣುವುದೂ ಇಲ್ಲ, ರಾತ್ರಿಯೆಲ್ಲ ಹಾಗೇ ಇಟ್ಟುಕೊಂಡರೆ ಹುಣ್ಣಾಗುತ್ತದೆ.

ಹಾಗಾದರೆ ಕಿವಿಗೆ ಪೆಟ್ಟು ಬಿದ್ದ ಕೂಡಲೇ ಗರಡಿಯಲ್ಲಿ ಏನು ಮಾಡಬಹುದು? ತಾಲೀಮು ಅಲ್ಲಿಗೇ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ, ನಡುವೆ ಬಿಡುವು ಕೊಟ್ಟು ಮತ್ತೆ ಹಿಡಿಯಿರಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ತಿಕ್ಕುವುದು ಮತ್ತೆ ಅದೇ ಅಡ್ಡ ಎಳೆತ. ಆಮೇಲೆ ಎರಡೂ ಕಿವಿಗಳನ್ನು ಬೆಳಕಿನಲ್ಲಿ ಹೋಲಿಸಿ ನೋಡಿ. ಚರ್ಮ ಕಂದಿದ್ದು, ಆದರೆ ಏರುತಗ್ಗುಗಳೆಲ್ಲ ಹಾಗೇ ಇದ್ದರೆ ಅದು ಬರೀ ಕಂದಿದ ಗುರುತು, ತಾನಾಗಿ ಹೋಗುತ್ತದೆ. ತಗ್ಗು ತುಂಬಿ, ಮಡಿಕೆ ಅಳಿಸಿ, ಒತ್ತಿದಾಗ ಅಲುಗಾಡಿದರೆ ಒಳಗೆ ನೆತ್ತರು ನಿಂತಿದೆ. ಐಸು ಅದನ್ನು ಹೆಚ್ಚಾಗದಂತೆ ತಡೆದೀತು, ನಿಂತದ್ದನ್ನು ತೆಗೆಯಲಾರದು. ಮರುದಿನ ಕಿವಿ ಮೂಗು ಗಂಟಲಿನ ವೈದ್ಯರು ಇರುವ ಆಸ್ಪತ್ರೆಗೆ ಹೋಗಿ. ತಾಲೂಕಿನಲ್ಲಿ ಅವರಿಲ್ಲದಿದ್ದರೆ ಸರ್ಜನ್ ಬಳಿ ಹೋಗಬಹುದು, ಈ ಕೆಲಸಕ್ಕೆ ದೊಡ್ಡ ಥಿಯೇಟರು, ಪೂರ್ತಿ ಅರಿವಳಿಕೆ ಬಹಳ ಸಲ ಬೇಕಾಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಇಲ್ಲಿ ಒಂದು ಮಾತು, ಕುಸ್ತಿಯಿಂದ ಸ್ವಲ್ಪ ಆಚೆ. ಆಟವಾಡದ ಚಿಕ್ಕ ಮಗುವಿನ ಕಿವಿಯಲ್ಲಿ ಹೀಗೆ ನೆತ್ತರು ನಿಂತಿದ್ದರೆ, ಕಿವಿ ಕಂದಿದ್ದರೆ, ಯಾರೋ ಕೆನ್ನೆಗೆ ಬಾರಿಸಿದ್ದಾರೆ ಅಥವಾ ಕಿವಿ ಹಿಂಡಿದ್ದಾರೆ ಎಂಬ ಅನುಮಾನ ವೈದ್ಯರಿಗೆ ಬರಲೇಬೇಕು. ಮಕ್ಕಳು ಓಡಾಡಿ ಬಿದ್ದರೆ ಮೊಣಕಾಲು, ಹಣೆ, ಗದ್ದಕ್ಕೆ ಪೆಟ್ಟಾಗುತ್ತದೆ, ಕಿವಿಗೆ ಆಗುವುದು ಅಪರೂಪ. ಶಿಕ್ಷಕರೂ ಪಾಲಕರೂ ಈ ಸಭೆಯಲ್ಲಿ ಇದ್ದೀರಿ, ಅದಕ್ಕೆ ಹೇಳಿದೆ.

ಈ ಗಾಯ ನಮ್ಮ ಕಾಲದ್ದಲ್ಲ. ರೋಮಿನ ಕ್ವಿರಿನಾಲ್ ಗುಡ್ಡದಲ್ಲಿ 1885ರಲ್ಲಿ ಅಗೆದಾಗ ಸಿಕ್ಕ ಕಂಚಿನ ಬಾಕ್ಸರ್ ಪ್ರತಿಮೆ ಬಹಳ ಹೆಸರಾದದ್ದು. ಪಂದ್ಯ ಮುಗಿಸಿ ಕುಳಿತ, ಕೈಗೆ ತೊಗಲಿನ ಪಟ್ಟಿ ಸುತ್ತಿದ ಗಂಡಸು. ಶಿಲ್ಪಿ ಅವನ ಕಿವಿಗಳನ್ನು ಬಾತು ಗಂಟಾದಂತೆಯೇ ಎರಕ ಹೊಯ್ದಿದ್ದಾನೆ, ಹಸಿ ಗಾಯಗಳ ನೆತ್ತರು ತೋರಿಸಲು ತಾಮ್ರ ಕೂರಿಸಿದ್ದಾನೆ. ಪ್ಲೇಟೋನ 'ಪ್ರೊಟಾಗೊರಸ್' ಸಂವಾದದಲ್ಲಿ ಸ್ಪಾರ್ಟಾದವರನ್ನು ಅನುಕರಿಸಲು ಹೋಗಿ ಕಿವಿ ಒಡೆಸಿಕೊಳ್ಳುವವರ ಮಾತು ಬರುತ್ತದೆ. ಅಂದರೆ ಮುರಿದ ಕಿವಿಯನ್ನು ಗಂಡಸುತನದ ಗುರುತಾಗಿ ಕಾಣುವುದು ನಮ್ಮ ಗರಡಿಗಳಲ್ಲಿ ಹುಟ್ಟಿದ್ದಲ್ಲ, ಎರಡು ಸಾವಿರ ವರ್ಷಕ್ಕೂ ಹಳೆಯದು. ಪ್ರಾಚೀನ ಗ್ರೀಕರೇ ತಾಲೀಮಿನಲ್ಲಿ ಕಿವಿ ಮುಚ್ಚುವ ಕವಚವನ್ನೂ ಬಳಸುತ್ತಿದ್ದರು.

ಕವಚದ ಮಾತು ಇವತ್ತಿಗೂ ಮುಗಿದಿಲ್ಲ. ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಕಿವಿ ಮುಚ್ಚುವ ಹೆಡ್‌ಗಿಯರ್ ಬಹಳ ಕಾಲ ಕಡ್ಡಾಯವಾಗಿತ್ತು. ಒಲಿಂಪಿಕ್ ಶೈಲಿಯ ಕುಸ್ತಿಯಲ್ಲಿ ಹಾಕಿಕೊಳ್ಳಲೇಬೇಕೆಂಬ ನಿಯಮವಿಲ್ಲ, ಬಹಳ ಮಂದಿ ಹಾಕುವುದೂ ಇಲ್ಲ. ಅಮೆಚೂರ್ ಬಾಕ್ಸಿಂಗಿನಲ್ಲಿ 2013ರಿಂದ ಹಿರಿಯ ಪುರುಷರ ಪಂದ್ಯಗಳಲ್ಲಿ ಹೆಡ್‌ಗಾರ್ಡ್ ತೆಗೆದರು, 2016ರ ರಿಯೋ ಒಲಿಂಪಿಕ್ಸಿನಲ್ಲಿ ಪುರುಷರು ಅದಿಲ್ಲದೆ ಆಡಿದರು. ಅಲ್ಲಿಯ ವಾದ ಮಿದುಳಿನ ಪೆಟ್ಟಿನ ಸುತ್ತ ನಡೆದದ್ದು, ಕಿವಿಯ ಬಗ್ಗೆ ಅಲ್ಲ. ನನ್ನ ಅಭಿಪ್ರಾಯ ಸರಳ: ಪಂದ್ಯದಲ್ಲಿ ಬೇಡವೆಂದರೆ ಬೇಡ, ತಾಲೀಮಿನಲ್ಲಿ ಹಾಕಿಸಿ. ಪಂದ್ಯ ಕೆಲವು ನಿಮಿಷ, ತಾಲೀಮು ದಿನಾ ಎರಡು ಹೊತ್ತು. ಕಿವಿ ಸವೆಯುವುದು ತಾಲೀಮಿನಲ್ಲಿ. ಮಣ್ಣಿನ ಅಖಾಡದಲ್ಲಿ ಹೆಡ್‌ಗಿಯರ್ ಒಳಗೆ ಮಣ್ಣು ಸೇರಿ ಉಜ್ಜುತ್ತದೆ ಎಂಬ ದೂರು ನಿಜ. ಹಾಗಾಗಿ ಎಲ್ಲರಿಗೂ ಎಂದು ನಾನು ಪಟ್ಟು ಹಿಡಿಯುವುದಿಲ್ಲ. ಒಮ್ಮೆ ಕಿವಿ ಬಾತವನಿಗೆ, ಮುಂದಿನ ಕೆಲವು ತಿಂಗಳಾದರೂ, ದಿನಾ ತೊಳೆದು ಒಣಗಿಸಿದ ಮೆತ್ತನೆ ಕವಚ ಹಾಕಿಸಲೇಬೇಕು ಎನ್ನುತ್ತೇನೆ.

ಕೊನೆಗೆ ಆ ಹುಡುಗನ ಎಡಗಿವಿಯ ಪ್ರಶ್ನೆ. ಬಲಗಿವಿಯ ದಾರ ತೆಗೆದ ದಿನ ಅವನು ಕನ್ನಡಿ ನೋಡಿಕೊಂಡು, "ಇದನ್ನೂ ಸರಿ ಮಾಡ್ತೀರೇನ್ರಿ?" ಎಂದು ಕೇಳಿದ. ಆ ಕಿವಿಯ ನಾಳ ಗಂಟಿನಿಂದ ಸ್ವಲ್ಪ ಇಕ್ಕಟ್ಟಾಗಿತ್ತು, ಗುಗ್ಗೆ ಕಟ್ಟಿಕೊಳ್ಳುತ್ತಿತ್ತು, ಮೊಬೈಲಿನ ಇಯರ್‌ಫೋನ್ ಕೂರುತ್ತಿರಲಿಲ್ಲ. ಗಟ್ಟಿಯಾದ ಕಿವಿಗೂ ಶಸ್ತ್ರಚಿಕಿತ್ಸೆ ಇದೆ. ಮಡಿಕೆಯಲ್ಲಿ ಸೀಳಿ, ಚರ್ಮವನ್ನು ಜೋಪಾನವಾಗಿ ಬಿಡಿಸಿ, ಹೆಚ್ಚಾಗಿ ಬೆಳೆದ ಮೃದ್ವಸ್ಥಿಯನ್ನು ತೆಳ್ಳಗೆ ಕೆತ್ತಿ ತೆಗೆದು, ಮತ್ತೆ ಹತ್ತಿಯಿಂದ ಒತ್ತಿ ಕಟ್ಟಬೇಕು. ಹತ್ತು ನಿಮಿಷದ ಕೆಲಸವಲ್ಲ. ಹಳೆಯ ಹಾಳೆ ಯಾವುದು, ಹೊಸದಾಗಿ ಬೆಳೆದದ್ದು ಯಾವುದು ಎಂದು ಒಳಗೆ ಗೆರೆ ಎಳೆದಿರುವುದಿಲ್ಲ, ಹುಟ್ಟಿನ ಕಿವಿಯ ಮಡಿಕೆಗಳು ಪೂರ್ತಿ ಮರಳುವುದೂ ಇಲ್ಲ. ಕೆತ್ತಿದ ಕಿವಿಯ ಪೊರೆ ಮತ್ತೆ ಎದ್ದದ್ದೇ ಆದ್ದರಿಂದ, ಕುಸ್ತಿ ಮುಂದುವರಿಸಿದರೆ ಮತ್ತೆ ತುಂಬುವ ಸಾಧ್ಯತೆ ಹೆಚ್ಚು. ಹಾಗಾಗಿ ನಾಳ ಪೂರ್ತಿ ಮುಚ್ಚುವಂತಿದ್ದರೆ ಅಥವಾ ಪದೇಪದೇ ಸೋಂಕಾಗುತ್ತಿದ್ದರೆ ಮಾತ್ರ ಈಗ ಮಾಡೋಣ, ಇಲ್ಲದಿದ್ದರೆ ಲಂಗೋಟ ಬಿಚ್ಚಿಟ್ಟ ಮೇಲೆ ಬಾ ಎಂದೆ. ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ ಗುಗ್ಗೆ ತೆಗೆಸಿಕೊಳ್ಳಲು, ಬಲಗಿವಿ ಮತ್ತೆ ಬಾತರೆ ಕಂಪೌಂಡರ್ ಹತ್ತಿರ ಹೋಗದೆ ನೇರ ನನ್ನ ಹತ್ತಿರ ಬರಲು ಹೇಳಿ ಕಳಿಸಿದೆ.